ದುಬೈಗೆ ಒಂದು ದಾರಿ, ಸೌದಿಗೆ ಇನ್ನೊಂದು: ಡಿಗ್ರಿ ಸರ್ಟಿಫಿಕೇಟ್ ಹಿಂದೆ ಬೀಳುವ ಸೀಲುಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಗಲ್ಫ್ ಕೆಲಸಕ್ಕೆ ಹೊರಡುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಕಂಪನಿಯವರು ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಿ ಕಳಿಸು ಅಂದಿದ್ದಾರೆ. ಕೋರ್ಟ್ ಹತ್ತಿರ ಹೋಗಿ ನೋಟರಿ ಮಾಡಿಸಿದೀನಿ. ಸಾಕಲ್ವಾ?"

ಸಾಕಾಗಲ್ಲ. ಯಾಕೆ ಸಾಕಾಗಲ್ಲ ಅನ್ನೋದು ಒಮ್ಮೆ ಅರ್ಥ ಆದರೆ ಮಿಕ್ಕಿದ್ದೆಲ್ಲ ಸಲೀಸು. ಯಾವ ಆಫೀಸಿಗೆ ಯಾಕೆ ಹೋಗಬೇಕು, ಏಜೆಂಟ್ ಹೇಳಿದ್ದರಲ್ಲಿ ಯಾವುದು ನಿಜ, ಎಲ್ಲಿ ದುಡ್ಡು ಸುಮ್ನೆ ಹೋಗುತ್ತಿದೆ, ಎಲ್ಲ ತಾನಾಗೇ ಗೊತ್ತಾಗುತ್ತದೆ. ಹಾಗಾಗಿ ನೋಟರಿಯಿಂದಲೇ ಶುರು ಮಾಡೋಣ.

ನೋಟರಿ ಅಂದರೆ 1952ರ ನೋಟರಿ ಕಾಯ್ದೆಯಡಿ ಸರ್ಕಾರ ನೇಮಿಸಿದ ವಕೀಲರು. ನೀವು ಒರಿಜಿನಲ್ ಡಿಗ್ರಿ ಮತ್ತು ಅದರ ಜೆರಾಕ್ಸ್ ಎರಡನ್ನೂ ತೆಗೆದುಕೊಂಡು ಹೋಗುತ್ತೀರಿ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಜೆರಾಕ್ಸ್ ಮೇಲೆ "ಟ್ರೂ ಕಾಪಿ" ಎಂದು ಸೀಲು ಒತ್ತಿ, ಸಹಿ ಹಾಕಿ, ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಇದರಿಂದ ಅವರು ಹೇಳಿದ್ದು ಇಷ್ಟೇ: ಈ ಜೆರಾಕ್ಸ್, ನನ್ನ ಮುಂದೆ ತಂದ ಆ ಕಾಗದದ ಹಾಗೇ ಇದೆ. ಆ ಕಾಗದ ವಿಶ್ವವಿದ್ಯಾಲಯವೇ ಕೊಟ್ಟಿದ್ದಾ, ಅದರ ಮೇಲಿನ ಕುಲಪತಿಗಳ ಸಹಿ ನಿಜವಾದದ್ದಾ ಎಂದು ಅವರು ಹೇಳಿಲ್ಲ. ಹೇಳೋಕೆ ಅವರಿಗೆ ಗೊತ್ತಿರೋದೂ ಇಲ್ಲ, ಅದು ಅವರ ಕೆಲಸವೂ ಅಲ್ಲ.

ಈಗ ದುಬೈನಲ್ಲಿ ಕೂತ ಒಬ್ಬ ಅಧಿಕಾರಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವರ ಕೈಗೆ ಬಂದಿರೋದು ಬಳ್ಳಾರಿಯ ಒಬ್ಬ ನೋಟರಿಯ ಸೀಲು. ಆ ನೋಟರಿ ಇದ್ದಾರೋ ಇಲ್ಲವೋ, ಸೀಲು ಅಸಲಿಯೋ ನಕಲಿಯೋ, ಅವರಿಗೆ ಗೊತ್ತಾಗೋದು ಹೇಗೆ?

ಗೊತ್ತಿಲ್ಲದ ಊರಿನಿಂದ ಸಂಬಂಧ ಬಂದಾಗ ನಮ್ಮ ಹಿರಿಯರು ಏನು ಮಾಡುತ್ತಾರೆ ನೋಡಿ. ಆ ಊರಿನಲ್ಲಿ ತಮಗೆ ಗೊತ್ತಿರುವ ಒಬ್ಬರನ್ನು ಹಿಡಿಯುತ್ತಾರೆ. ಅವರಿಗೂ ಆ ಮನೆ ಗೊತ್ತಿಲ್ಲ ಅಂದರೆ, ಅವರಿಗೆ ಪರಿಚಯ ಇರುವ ಇನ್ನೊಬ್ಬರನ್ನು ವಿಚಾರಿಸುತ್ತಾರೆ. ಅಟೆಸ್ಟೇಶನ್ ಕೂಡ ಹೀಗೇ ನಡೆಯೋದು. ವಿಶ್ವವಿದ್ಯಾಲಯದ ಸಹಿ ರಾಜ್ಯ ಸರ್ಕಾರದ ಶಿಕ್ಷಣ ಇಲಾಖೆಗೆ ಗೊತ್ತು. ಆ ಇಲಾಖೆಯ ಅಧಿಕಾರಿಯ ಸಹಿ ಕೇಂದ್ರದ ವಿದೇಶಾಂಗ ಸಚಿವಾಲಯಕ್ಕೆ ಗೊತ್ತು, ಅವರ ಹತ್ತಿರ ಮಾದರಿ ಸಹಿ ಇರುತ್ತದೆ. ಸಚಿವಾಲಯದ ಸಹಿ ದೆಹಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಗೆ ಗೊತ್ತು. ರಾಯಭಾರ ಕಚೇರಿಯ ಸಹಿ ಆ ದೇಶದ ಸರ್ಕಾರಕ್ಕೆ ಗೊತ್ತು. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಸಹಿಯನ್ನು ಮಾತ್ರ ನೋಡುತ್ತಾರೆ. ನಿಮ್ಮ ಪರ್ಸೆಂಟೇಜ್ ಎಷ್ಟು, ಯಾವ ಸೆಮಿಸ್ಟರಿನಲ್ಲಿ ಏನು ಬಾಕಿ ಇತ್ತು, ಅದು ಯಾರಿಗೂ ಬೇಕಿಲ್ಲ.

ಅಪೊಸ್ಟಿಲ್ ಎಂಬುದು ಈ ಸಾಲಿನ ಕೊನೆಯ ಭಾಗವನ್ನು ಕತ್ತರಿಸಿ ಹಾಕುವ ಏರ್ಪಾಟು. 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ಕಾಗದವನ್ನು ಇನ್ನೊಬ್ಬರು ರಾಯಭಾರ ಕಚೇರಿಯ ಸೀಲು ಇಲ್ಲದೆಯೇ ಒಪ್ಪಿಕೊಳ್ಳಬೇಕು, ಕಾಗದ ಹೊರಟ ದೇಶದ ಅಧಿಕಾರಿ ಒಂದು ನಿಗದಿತ ನಮೂನೆಯ ಚೀಟಿ ಅಂಟಿಸಿದರೆ ಸಾಕು ಅನ್ನೋದು ಅದರ ಸಾರ. ಭಾರತಕ್ಕೆ ಇದು ಜಾರಿಗೆ ಬಂದಿದ್ದು 2005ರ ಜುಲೈ 14ರಿಂದ. ನಮ್ಮಲ್ಲಿ ಆ ಚೀಟಿ ಅಂಟಿಸುವ ಅಧಿಕಾರ ವಿದೇಶಾಂಗ ಸಚಿವಾಲಯದ್ದು.

ಅಂದರೆ ಅಪೊಸ್ಟಿಲ್ ಅಂದರೆ ಅಟೆಸ್ಟೇಶನ್‌ಗಿಂತ "ದೊಡ್ಡದು" ಅಂತ ಏನೂ ಇಲ್ಲ. ಎರಡೂ ಒಟ್ಟಿಗೆ ಬೇಕಾಗೋದೂ ಇಲ್ಲ. ನೀವು ಹೋಗುವ ದೇಶ ಒಪ್ಪಂದದಲ್ಲಿ ಇದ್ದರೆ ಅಪೊಸ್ಟಿಲ್, ಇಲ್ಲದಿದ್ದರೆ ಸಚಿವಾಲಯದ ಸಾಮಾನ್ಯ ಅಟೆಸ್ಟೇಶನ್ ಮತ್ತು ಅದರ ಮೇಲೆ ರಾಯಭಾರ ಕಚೇರಿಯ ಸೀಲು.

ಗಲ್ಫ್ ದೇಶಗಳಲ್ಲೇ ಇದು ಎರಡು ಪಾಲಾಗಿದೆ, ನಮ್ಮ ಹುಡುಗರು ಗೊಂದಲ ಮಾಡಿಕೊಳ್ಳೋದೂ ಇಲ್ಲೇ. ಒಮಾನ್ ಮತ್ತು ಬಹ್ರೇನ್ ಒಪ್ಪಂದ ಸೇರಿ ಹತ್ತು ವರ್ಷದ ಮೇಲಾಯಿತು. ಸೌದಿ ಅರೇಬಿಯಾಕ್ಕೆ 2022ರ ಡಿಸೆಂಬರ್ 7ರಿಂದ ಜಾರಿಯಾಗಿದೆ. ಯುಎಇ, ಕತಾರ್, ಕುವೈತ್‌ಗೆ ಮಾತ್ರ ಹಳೆಯ ರಾಯಭಾರ ಕಚೇರಿಯ ದಾರಿಯೇ. 2022ಕ್ಕಿಂತ ಮುಂಚೆ ಸೌದಿಗೆ ಹೋದ ಅಣ್ಣನೋ ಮಾವನೋ "ಎಂಬಸಿ ಸೀಲು ಬೇಕೇ ಬೇಕು, ನಾನೇ ಮಾಡಿಸಿದ್ದೆ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲಕ್ಕೆ ಅದೇ ಸರಿ. ನಿಯಮ ಬದಲಾಗಿದೆ ಅಷ್ಟೇ. ಹೊಸ ದೇಶಗಳು ಸೇರುತ್ತಲೇ ಇರುತ್ತವೆ, ಕೆನಡಾ ಸೇರಿ ಜಾರಿಯಾಗಿದ್ದು 2024ರ ಜನವರಿಯಲ್ಲಿ. ಕೆಲವು ದೇಶಗಳು ಸದಸ್ಯರಾಗಿದ್ದರೂ ಇನ್ನೊಂದು ದೇಶದ ಸೇರ್ಪಡೆಗೆ ಆಕ್ಷೇಪ ಹಾಕಿರುತ್ತವೆ, ಅಂಥ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯೋದಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮುನ್ನ hcch.net ತಾಣದಲ್ಲಿರುವ ಸದಸ್ಯ ದೇಶಗಳ ಪಟ್ಟಿಯನ್ನು ನೀವೇ ನೋಡಿ. ಒಪ್ಪಂದದ ಕಚೇರಿಯೇ ನಡೆಸುವ ಪಟ್ಟಿ ಅದು, ಆಕ್ಷೇಪಗಳೂ ಅದರಲ್ಲೇ ಇರುತ್ತವೆ.

ಈಗ ಒಂದು ಉದಾಹರಣೆ ಹಿಡಿದು ಪೂರ್ತಿ ನಡೆದು ನೋಡೋಣ. ಸಂಡೂರಿನ ಒಬ್ಬ ಹುಡುಗ ಅಂದುಕೊಳ್ಳಿ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದ್ದಾನೆ, ತೋರಣಗಲ್ಲಿನ ಕಡೆ ಉಕ್ಕಿನ ಕೆಲಸದಲ್ಲಿ ಒಂದಷ್ಟು ವರ್ಷ ದುಡಿದಿದ್ದಾನೆ. ದುಬೈನ ಒಂದು ಕಂಪನಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಎಂದು ಆಫರ್ ಬಂದಿದೆ. ಅವನ ಕ್ಲಾಸ್‌ಮೇಟ್‌ಗೆ ಸೌದಿಯ ದಮ್ಮಾಮ್‌ನಲ್ಲಿ ಅದೇ ಥರದ ಕೆಲಸ.

ಮೊದಲ ಕೆಲಸ ಎಲ್ಲಿಗೂ ಓಡೋದಲ್ಲ, ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕೋದು. ವೀಸಾದಲ್ಲಿ ಹುದ್ದೆ ಏನೆಂದು ಬರುತ್ತದೆ? ಯಾವ ಯಾವ ಸರ್ಟಿಫಿಕೇಟ್ ಬೇಕು, ಡಿಗ್ರಿ ಒಂದೇನಾ, ಮಾರ್ಕ್ಸ್ ಕಾರ್ಡೂ ಬೇಕಾ? ಸೀಲು ಒರಿಜಿನಲ್ ಮೇಲೆ ಬೇಕಾ, ನೋಟರಿ ಕಾಪಿ ಮೇಲೆ ನಡೆಯುತ್ತಾ? ಉತ್ತರ ಬರವಣಿಗೆಯಲ್ಲಿ ಇರಲಿ. ಯಾಕೆಂದರೆ ಎಲ್ಲ ಕೆಲಸಕ್ಕೂ ಇದು ಬೇಕಾಗೋದಿಲ್ಲ. ಎಂಜಿನಿಯರ್, ಅಕೌಂಟೆಂಟ್, ಟೀಚರ್, ನರ್ಸ್ ಥರದ, ಓದಿನ ಮೇಲೆ ನಿಂತ ಹುದ್ದೆಗಳಿಗೆ ಕೇಳುತ್ತಾರೆ. ಹೆಲ್ಪರ್, ಗಾರೆ ಕೆಲಸ, ಕ್ಲೀನಿಂಗ್ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ಡಿಗ್ರಿ ಅಟೆಸ್ಟೇಶನ್ ಕೇಳೋದೇ ಇಲ್ಲ. ಅಂಥವರ ಹತ್ತಿರ "ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಎಂಬಸಿ ಮಾಡಿಸಬೇಕು" ಎಂದು ಹತ್ತಾರು ಸಾವಿರ ಕೇಳಿದರೆ ಕಂಪನಿಯ ಪತ್ರ ತೋರಿಸಿ ಅಂತ ಕೇಳಿ. ಸಾಲ ಮಾಡಿ ಹೋಗುವ ಮನೆಗಳಿಗೆ ಆ ದುಡ್ಡು ಸಣ್ಣದಲ್ಲ.

ನಮ್ಮ ಹುಡುಗನದು ಎಂಜಿನಿಯರ್ ಹುದ್ದೆ, ಡಿಗ್ರಿ ಬೇಕೇ ಬೇಕು. ಕಂಪನಿ ಒರಿಜಿನಲ್ ಮೇಲೆಯೇ ಸೀಲು ಕೇಳಿದೆ. ಈಗ ಅವನು ಮನೆಯ ಟ್ರಂಕಿನಿಂದ ಡಿಗ್ರಿ ಹೊರಗೆ ತೆಗೆದು ನೋಡಬೇಕಾದ ವಿಷಯಗಳು ಮೂರು.

ಒಂದು, ಅದು ಘಟಿಕೋತ್ಸವದ ಡಿಗ್ರಿಯೋ ಪಿಡಿಸಿ ಅನ್ನುವ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟೋ? ಎಷ್ಟೋ ಜನ ಪಾಸಾದ ಮೇಲೆ ಪಿಡಿಸಿ ತೆಗೆದುಕೊಂಡು ಕೆಲಸಕ್ಕೆ ಸೇರಿಬಿಟ್ಟಿರುತ್ತಾರೆ, ಕಾನ್ವೊಕೇಶನ್ ಸರ್ಟಿಫಿಕೇಟಿಗೆ ಅರ್ಜಿಯನ್ನೇ ಹಾಕಿರೋದಿಲ್ಲ. ಪಿಡಿಸಿ ಹೆಸರೇ ಹೇಳುವ ಹಾಗೆ ತಾತ್ಕಾಲಿಕ. ಹೊರದೇಶದವರು ಕೇಳೋದು ಅಂತಿಮ ಡಿಗ್ರಿ. ಅದು ಕೈಯಲ್ಲಿ ಇಲ್ಲದಿದ್ದರೆ ಅಲ್ಲಿಂದಲೇ ಶುರು, ಅದಕ್ಕೆ ಸಮಯ ಹಿಡಿಯುತ್ತದೆ.

ಎರಡು, ಲ್ಯಾಮಿನೇಶನ್. ನಮ್ಮ ಕಡೆ ಕಷ್ಟಪಟ್ಟು ಓದಿಸಿದ ಮನೆಗಳಲ್ಲಿ ಸರ್ಟಿಫಿಕೇಟ್ ಬಂದ ದಿನವೇ ಜೋಪಾನವಾಗಿರಲಿ ಎಂದು ಲ್ಯಾಮಿನೇಟ್ ಮಾಡಿಸಿಬಿಡುತ್ತಾರೆ. ಆದರೆ ಇಡೀ ಸೀಲುಗಳ ಸಾಲು ಬೀಳೋದು ಆ ಕಾಗದದ ಹಿಂಬದಿಯಲ್ಲಿ. ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲೋದಿಲ್ಲ, ಯಾವ ಅಧಿಕಾರಿಯೂ ಪ್ಲಾಸ್ಟಿಕ್ ಮೇಲೆ ಸಹಿ ಹಾಕೋದಿಲ್ಲ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸೋಕೆ ಹೋಗಬೇಡಿ, ಅಕ್ಷರವೇ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ. ಇದನ್ನೇ ಕೆಲಸವಾಗಿ ಮಾಡುವವರ ಹತ್ತಿರ ಬಿಡಿಸಬೇಕು, ಅದೂ ಆಗದಿದ್ದರೆ ವಿಶ್ವವಿದ್ಯಾಲಯಕ್ಕೆ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಇನ್ನೂ ಲ್ಯಾಮಿನೇಟ್ ಮಾಡಿಸಿಲ್ಲ ಅಂದರೆ ಒಂದು ಗಟ್ಟಿ ಪ್ಲಾಸ್ಟಿಕ್ ಫೋಲ್ಡರ್ ಸಾಕು.

ಮೂರನೆಯದು ಹೆಸರು, ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಅಂತ ಪ್ರತ್ಯೇಕ ಇರೋದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ "ಬಸವರಾಜ ಎಚ್", ಡಿಗ್ರಿಯಲ್ಲಿ "ಎಚ್ ಬಸವರಾಜ್", ಪಾಸ್‌ಪೋರ್ಟಿನಲ್ಲಿ "ಹೊಸಮನಿ ಬಸವರಾಜು" ಅಂತ ಇರೋದು ಸಾಮಾನ್ಯ. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಕೊನೆಗೆ ಒಂದು ಅಕ್ಷರ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರೋದಿಲ್ಲ. ಇದರಲ್ಲಿ ಅಪಾಯ ಏನಪ್ಪಾ ಅಂದರೆ, ಈ ವ್ಯತ್ಯಾಸ ದಾರಿಯಲ್ಲಿ ಎಲ್ಲೂ ಸಿಕ್ಕಿಬೀಳದೆ ಹೋಗಬಹುದು. ಮೊದಲೇ ಹೇಳಿದ ಹಾಗೆ ಪ್ರತಿ ಕಚೇರಿಯೂ ಮುಖ್ಯವಾಗಿ ನೋಡೋದು ಹಿಂದಿನ ಸಹಿಯನ್ನು. ಎಲ್ಲ ಸೀಲೂ ಬಿದ್ದು, ದುಡ್ಡೆಲ್ಲ ಖರ್ಚಾಗಿ, ಕೊನೆಗೆ ಆ ದೇಶದಲ್ಲಿ ವೀಸಾ ಮಾಡುವವರು ಡಿಗ್ರಿಯನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟಾಗ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಹೆಸರು, ಹುಟ್ಟಿದ ದಿನ ಎರಡನ್ನೂ ಮೊದಲ ದಿನವೇ ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಇನಿಶಿಯಲ್ ಬಿಡಿಸಿ ಬರೆದಷ್ಟೇ ವ್ಯತ್ಯಾಸ ಇದ್ದರೆ, ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ ಸಾಕೇ ಎಂದು ಕಂಪನಿಯವರನ್ನು ಕೇಳಿ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಮುಂದೆ ಸಹಿ ಮಾಡೋದು ಅದು. ನೋಟರಿ ನಿಜವಾಗಿ ಉಪಯೋಗಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು. ಹೆಸರೇ ಬೇರೆ ಥರ ಇದ್ದರೆ ಮಾತ್ರ ಯಾವುದಾದರೂ ಒಂದನ್ನು ತಿದ್ದಿಸಲೇಬೇಕು. ಎಸ್‌ಎಸ್‌ಎಲ್‌ಸಿ ಮತ್ತು ಡಿಗ್ರಿ ಎರಡರಲ್ಲೂ ಹೆಸರು ಒಂದೇ ಥರ ಇದ್ದು ಪಾಸ್‌ಪೋರ್ಟಿನಲ್ಲಿ ಮಾತ್ರ ತಪ್ಪಿದ್ದರೆ, ಎಸ್‌ಎಸ್‌ಎಲ್‌ಸಿ ದಾಖಲೆ ತೋರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸೋದು ಸುಲಭದ ದಾರಿ. ವೀಸಾ ಬರುವ ಮುನ್ನವೇ ಇದನ್ನು ಮುಗಿಸಿ. ಬಂದ ಮೇಲೆ ಪಾಸ್‌ಪೋರ್ಟ್ ನಂಬರ್ ಬದಲಾದರೆ ಅದು ಇನ್ನೊಂದು ತಲೆನೋವು.

ಡಿಗ್ರಿ ಸರಿ ಇದೆ ಅಂದಮೇಲೆ ರಾಜ್ಯದ ಹಂತ. ಎಂಜಿನಿಯರಿಂಗ್ ಆದ್ದರಿಂದ ಇವನ ಡಿಗ್ರಿ ಕೊಟ್ಟಿದ್ದು ಬೆಳಗಾವಿಯ ವಿಟಿಯು, ಬಳ್ಳಾರಿಯ ಕಾಲೇಜಲ್ಲ. ಡಿಗ್ರಿ ಅಸಲಿಯೇ ಎಂದು ವಿಶ್ವವಿದ್ಯಾಲಯದಿಂದ ಖಾತ್ರಿ ಪತ್ರ ಕೇಳಿದರೆ ಅದನ್ನು ಅಲ್ಲಿಂದ ತರಬೇಕು. ಬಿಎ, ಬಿಕಾಂ, ಬಿಎಸ್ಸಿ ಓದಿದವರು ಇಲ್ಲಿ ಗಮನ ಕೊಡಿ. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಿದ್ದು 2010ರಲ್ಲಿ. ಅದಕ್ಕೂ ಮುಂಚೆ ಬಳ್ಳಾರಿ, ಕೊಪ್ಪಳದ ಕಾಲೇಜುಗಳು ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗಿದ್ದವು, ರಾಯಚೂರಿನವು ಆಮೇಲೂ ಬಹಳ ವರ್ಷ ಅದರ ಕೆಳಗೇ ಇದ್ದವು. ಒಂದೇ ಕಾಲೇಜಿನಲ್ಲಿ ಓದಿದ ಅಣ್ಣನ ಪರಿಶೀಲನೆ ಕಲಬುರಗಿಯಲ್ಲಿ, ತಮ್ಮನದು ಬಳ್ಳಾರಿಯಲ್ಲಿ ಆಗಬಹುದು. ಕಾಲೇಜು ಎಲ್ಲಿತ್ತು ಅನ್ನೋದು ಬಿಡಿ, ಡಿಗ್ರಿಯ ತಲೆಯ ಮೇಲೆ ಯಾರ ಹೆಸರಿದೆ ನೋಡಿ. ಡಿಪ್ಲೊಮಾದವರಿಗೆ ಬೆಂಗಳೂರಿನ ತಾಂತ್ರಿಕ ಶಿಕ್ಷಣ ಇಲಾಖೆ, ಬಿಎಸ್ಸಿ ನರ್ಸಿಂಗ್‌ನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಇದಾದ ಮೇಲೆ ಬೆಂಗಳೂರಿನಲ್ಲಿ ರಾಜ್ಯದ ಉನ್ನತ ಶಿಕ್ಷಣ ಇಲಾಖೆ. ಏಜೆಂಟರ ಬಾಯಲ್ಲಿ ಇದೇ "ಎಚ್‌ಆರ್‌ಡಿ ಅಟೆಸ್ಟೇಶನ್". ಡಿಗ್ರಿಯ ಹಿಂಬದಿಯಲ್ಲಿ ಇಲಾಖೆಯ ಅಧಿಕಾರಿಯ ಸಹಿ, ಸೀಲು ಬೀಳುತ್ತದೆ.

ಇಲ್ಲಿ ನಮ್ಮ ಗಡಿ ಜಿಲ್ಲೆಗಳವರಿಗೇ ಬರುವ ಒಂದು ತೊಡಕಿದೆ. ಬಳ್ಳಾರಿಯಿಂದ ಅನಂತಪುರ, ಕರ್ನೂಲಿಗೆ, ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ಓದಿದವರು ಬಹಳ ಜನ. ಸರ್ಟಿಫಿಕೇಟ್ ಯಾವ ರಾಜ್ಯದ ವಿಶ್ವವಿದ್ಯಾಲಯ ಕೊಟ್ಟಿದೆಯೋ ಆ ರಾಜ್ಯದ ಇಲಾಖೆಯೇ ಅಟೆಸ್ಟ್ ಮಾಡಬೇಕು. ನಿಮ್ಮ ಮನೆ ಕರ್ನಾಟಕದಲ್ಲಿದೆ, ಆಧಾರ್ ಇಲ್ಲಿನದು, ಇದ್ಯಾವುದೂ ಲೆಕ್ಕಕ್ಕೆ ಬರೋದಿಲ್ಲ. ಅನಂತಪುರದ ವಿಶ್ವವಿದ್ಯಾಲಯದ ಸಹಿಯನ್ನು ಬೆಂಗಳೂರಿನ ಅಧಿಕಾರಿ ಹೇಗೆ ಗುರುತಿಸಬೇಕು ಹೇಳಿ. ಜನನ ಪ್ರಮಾಣಪತ್ರಕ್ಕೂ ಇದೇ. ಹೆರಿಗೆ ಆದೋನಿಯಲ್ಲೋ ಕರ್ನೂಲಿನಲ್ಲೋ ಆಗಿದ್ದರೆ ಅದು ಆಂಧ್ರದ ಕಾಗದ.

ಹಾಗೇ, ಜನನ ಮತ್ತು ವಿವಾಹ ಪ್ರಮಾಣಪತ್ರಗಳು ಶಿಕ್ಷಣ ಇಲಾಖೆಗೆ ಹೋಗೋದಿಲ್ಲ, ಅವಕ್ಕೆ ರಾಜ್ಯ ಸರ್ಕಾರದಲ್ಲಿ ಬೇರೆ ಇಲಾಖೆ ಇರುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಆಸೆ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ವಿವಾಹ ಪ್ರಮಾಣಪತ್ರ ಬೇಕು. ಕಲ್ಯಾಣ ಮಂಟಪದವರು ಕೊಟ್ಟ ಪತ್ರ, ದೇವಸ್ಥಾನದ ರಸೀದಿ ಈ ದಾರಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗೋದಿಲ್ಲ.

ಈಗ ವಿದೇಶಾಂಗ ಸಚಿವಾಲಯ. ಮೊದಲು ಎಲ್ಲರೂ ದೆಹಲಿಗೇ ಕಳಿಸಬೇಕಿತ್ತು. ಈಗ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಮೂಲಕವೂ ಆಗುತ್ತದೆ. ಆದರೆ ನೀವು ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಕೋರಮಂಗಲದ ಆ ಕಚೇರಿ ಮುಂದೆ ನಿಂತರೆ ಕಾಗದ ತೆಗೆದುಕೊಳ್ಳೋದಿಲ್ಲ. ಸಚಿವಾಲಯ ಜನರಿಂದ ನೇರವಾಗಿ ತೆಗೆದುಕೊಳ್ಳದೆ, ತಾನು ನೇಮಿಸಿದ ಕೆಲವೇ ಸಂಸ್ಥೆಗಳ ಮೂಲಕ ತೆಗೆದುಕೊಳ್ಳುತ್ತದೆ. ಆ ಸಂಸ್ಥೆಗಳ ಹೆಸರು ಸಚಿವಾಲಯದ mea.gov.in ತಾಣದಲ್ಲಿದೆ. ಊರಲ್ಲಿ ಬೋರ್ಡ್ ಹಾಕಿಕೊಂಡಿರುವ ಕನ್ಸಲ್ಟೆನ್ಸಿಗಳು ಹೆಚ್ಚಾಗಿ ನಿಮ್ಮ ಕಾಗದವನ್ನು ಒಟ್ಟು ಮಾಡಿ ಆ ಸಂಸ್ಥೆಗಳಿಗೆ ಕೊಡುವವರು ಅಷ್ಟೇ.

ದುಡ್ಡಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು ಕಾಗದಕ್ಕೆ ಅಪೊಸ್ಟಿಲ್ ಮಾಡೋಕೆ ಸಚಿವಾಲಯದ ಶುಲ್ಕ 50 ರೂಪಾಯಿ. ನೇಮಿತ ಸಂಸ್ಥೆಯ ಸೇವಾ ಶುಲ್ಕ ಬೇರೆ ಇರುತ್ತದೆ, ಅದೂ ದೊಡ್ಡ ಮೊತ್ತ ಅಲ್ಲ. ಹಾಗಾದರೆ ಏಜೆಂಟ್ ಕೇಳುವ ಸಾವಿರಗಟ್ಟಲೆ ಯಾವುದಕ್ಕೆ? ಓಡಾಟಕ್ಕೆ, ಕೊರಿಯರಿಗೆ, ರಾಜ್ಯದ ಹಂತದ ಕೆಲಸಕ್ಕೆ, ಅವರ ಲಾಭಕ್ಕೆ. ಕೊಪ್ಪಳದಲ್ಲಿ ಕೆಲಸಕ್ಕೆ ರಜೆ ಹಾಕಿ ಬೆಂಗಳೂರಿಗೆ ಎರಡು ಮೂರು ಸಲ ಹೋಗಿಬರೋದಕ್ಕಿಂತ ಏಜೆಂಟಿಗೆ ಕೊಡೋದೇ ಅಗ್ಗ ಆಗಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ "ಅಪೊಸ್ಟಿಲ್‌ಗೆ ಸರ್ಕಾರಕ್ಕೇ ಎಂಟು ಸಾವಿರ ಕಟ್ಟಬೇಕು" ಅಂದರೆ ಅದು ಸುಳ್ಳು. ರಾಯಭಾರ ಕಚೇರಿಯ ಶುಲ್ಕ ಮಾತ್ರ ನಿಜವಾಗಲೂ ಜಾಸ್ತಿ, ದೇಶದಿಂದ ದೇಶಕ್ಕೆ ಬೇರೆ. ದುಬೈ ದಾರಿ ಸೌದಿ ದಾರಿಗಿಂತ ದುಬಾರಿ ಆಗೋದು ಆ ಕಾರಣಕ್ಕೆ.

ಇಬ್ಬರು ಗೆಳೆಯರ ದಾರಿ ಬೇರೆಯಾಗೋದೂ ಈ ಹಂತದಲ್ಲೇ. ದಮ್ಮಾಮ್‌ಗೆ ಹೋಗುವವನ ಡಿಗ್ರಿಯ ಹಿಂದೆ ಅಪೊಸ್ಟಿಲ್ ಚೀಟಿ ಅಂಟುತ್ತದೆ, ಕಾಗದದ ಮೇಲಿನ ಕೆಲಸ ಅಲ್ಲಿಗೆ ಮುಗಿಯಿತು. ದುಬೈಗೆ ಹೋಗುವವನಿಗೆ ಸಚಿವಾಲಯದ ಸಾಮಾನ್ಯ ಅಟೆಸ್ಟೇಶನ್, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಟೆಸ್ಟೇಶನ್, ಅದಾದ ಮೇಲೆ ಯುಎಇಯ ವಿದೇಶಾಂಗ ಸಚಿವಾಲಯದ್ದು. ಆ ಕೊನೆಯದನ್ನು ಎಲ್ಲರೂ "ಮೋಫಾ" ಅನ್ನುತ್ತಾರೆ. ಇದನ್ನು ಬಹಳಷ್ಟು ಸಲ ಕಂಪನಿಯೇ ನೋಡಿಕೊಳ್ಳುತ್ತದೆ, ಖರ್ಚು ಯಾರದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಅಪೊಸ್ಟಿಲ್ ಚೀಟಿಯನ್ನು ಓದೋಕೆ ಕಲಿತರೆ ನಿಮ್ಮ ಏಜೆಂಟ್ ಯಾವ ದಾರಿಯಲ್ಲಿ ಕೆಲಸ ಮಾಡಿಸಿದ್ದಾನೆ ಎಂದು ನೀವೇ ಹೇಳಬಹುದು. ಜಗತ್ತಿನ ಯಾವ ದೇಶದ ಚೀಟಿಯಾದರೂ ತಲೆಬರಹ ಒಂದೇ, ಒಳಗೆ ಹತ್ತು ಅಂಶಗಳು. ಮೊದಲನೆಯದು ದೇಶದ ಹೆಸರು. ಎರಡನೆಯದರಲ್ಲಿ ಈ ಕಾಗದಕ್ಕೆ ಸಹಿ ಹಾಕಿದವರು ಯಾರು, ಮೂರನೆಯದರಲ್ಲಿ ಅವರ ಹುದ್ದೆ ಏನು, ನಾಲ್ಕನೆಯದರಲ್ಲಿ ಯಾವ ಕಚೇರಿಯ ಸೀಲು ಇದೆ ಅಂತ ಇರುತ್ತದೆ. ಆಮೇಲೆ ಊರು, ದಿನಾಂಕ, ಚೀಟಿ ಕೊಟ್ಟ ಕಚೇರಿ, ನಂಬರ್, ಕೊನೆಗೆ ಸೀಲು ಮತ್ತು ಸಹಿ. ಎರಡು, ಮೂರು, ನಾಲ್ಕನ್ನು ಗಮನವಿಟ್ಟು ಓದಿ. ಅಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯ ಅಧಿಕಾರಿಯ ಹುದ್ದೆ ಇದೆಯಾ, ಅಥವಾ ದೆಹಲಿಯ ಎಸ್‌ಡಿಎಂ ಅಂತ ಇದೆಯಾ?

ಎಸ್‌ಡಿಎಂ ಅಂದರೆ ಸಬ್ ಡಿವಿಜನಲ್ ಮ್ಯಾಜಿಸ್ಟ್ರೇಟ್, ನಮ್ಮ ಉಪವಿಭಾಗಾಧಿಕಾರಿ ಇದ್ದ ಹಾಗೆ. ರಾಜ್ಯದ ಶಿಕ್ಷಣ ಇಲಾಖೆಗೆ ಹೋಗದೆ ನೋಟರಿ ಮಾಡಿಸಿ, ದೆಹಲಿಯ ಎಸ್‌ಡಿಎಂ ಸಹಿ ಹಾಕಿಸಿ, ಅಲ್ಲಿಂದ ಸಚಿವಾಲಯಕ್ಕೆ ಕೊಡುವ ಒಂದು ದಾರಿ ಇದೆ. ಇದು ಕಳ್ಳದಾರಿ ಅಲ್ಲ, ಸಚಿವಾಲಯ ಒಪ್ಪುತ್ತದೆ. ಬೇಗ ಆಗುತ್ತದೆ, ಖರ್ಚೂ ಕಮ್ಮಿ. ಆದರೆ ಸಹಿಗಳ ಸಾಲನ್ನು ಮತ್ತೆ ನೆನಪಿಸಿಕೊಳ್ಳಿ. ಈ ದಾರಿಯಲ್ಲಿ ವಿಟಿಯು ಸಹಿಯನ್ನು ಗುರುತಿಸಬಲ್ಲವರು ಯಾರೂ ನಡುವೆ ಬಂದಿಲ್ಲ. ಎಸ್‌ಡಿಎಂ ನೋಡಿದ್ದು ನೋಟರಿಯನ್ನು, ಸಚಿವಾಲಯ ನೋಡಿದ್ದು ಎಸ್‌ಡಿಎಂ ಅವರನ್ನು. ಅದಕ್ಕೇ ಓದಿನ ಸರ್ಟಿಫಿಕೇಟ್ ವಿಷಯದಲ್ಲಿ ಕೆಲವು ರಾಯಭಾರ ಕಚೇರಿಗಳು, ಬಹಳಷ್ಟು ಕಂಪನಿಗಳು ಇದನ್ನು ಒಪ್ಪದೆ ರಾಜ್ಯದ ಎಚ್‌ಆರ್‌ಡಿಯೇ ಬೇಕು ಅನ್ನುತ್ತವೆ. ಏಜೆಂಟ್ "ನಾಲ್ಕೇ ದಿನದಲ್ಲಿ ಅಪೊಸ್ಟಿಲ್" ಎಂದು ಹೇಳಿದರೆ ಅದು ಹೆಚ್ಚಾಗಿ ಎಸ್‌ಡಿಎಂ ದಾರಿಯೇ. ಕಂಪನಿ ಒಪ್ಪಿದರೆ ಆರಾಮಾಗಿ ಮಾಡಿಸಿ. ಕೇಳದೆ ಮಾಡಿಸಿದರೆ ಮತ್ತೆ ಬೆಂಗಳೂರಿನಿಂದ ಶುರು.

ನೋಟರಿ ಕಾಪಿಯ ಮೇಲೆ ಅಪೊಸ್ಟಿಲ್ ಮಾಡಿಸಿದರೂ ಇದೇ ಕಥೆ. ಒರಿಜಿನಲ್ ಮೇಲೆ ಏನೂ ಅಂಟಬಾರದು, ಚೆನ್ನಾಗಿ ಉಳಿಯಲಿ ಅನ್ನೋರಿಗೆ ಇದು ಅನುಕೂಲ ಅನಿಸುತ್ತದೆ. ಆಗ ಚೀಟಿ ಖಾತ್ರಿ ಕೊಡೋದು ಜೆರಾಕ್ಸ್ ಮೇಲಿನ ಸಹಿಗೆ, ನಿಮ್ಮ ಡಿಗ್ರಿಗಲ್ಲ. ಚೀಟಿ ಅಸಲಿಯೇ, ನಂಬರ್ ಸರಿಯೇ, ಆದರೂ ಕಂಪನಿ ವಾಪಸ್ ಕಳಿಸಬಹುದು. ಹಾಗೆ ವಾಪಸ್ ಬಂದಾಗ "ಚೀಟಿ ಡೂಪ್ಲಿಕೇಟ್" ಎಂದು ಏಜೆಂಟ್ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ಎರಡನೇ ಮತ್ತು ಮೂರನೇ ಅಂಶ ಓದಿ ನೋಡಿ.

ಡೂಪ್ಲಿಕೇಟ್ ಚೀಟಿ, ಡೂಪ್ಲಿಕೇಟ್ ಸೀಲು ಇಲ್ಲವೇ ಇಲ್ಲ ಅಂತಲ್ಲ. ಚೀಟಿಯ ಮೇಲಿನ ನಂಬರನ್ನು ಸಚಿವಾಲಯದ ತಾಣದಲ್ಲಿ ಹಾಕಿ ನೋಡಬಹುದು. ಕಾಗದ ಕೈಗೆ ಬಂದ ದಿನವೇ ನೋಡಿ, ವಿಮಾನ ಹತ್ತುವ ವಾರದಲ್ಲಿ ಅಲ್ಲ. ನಕಲಿ ಸೀಲಿನ ಡಿಗ್ರಿ ಗಲ್ಫ್‌ನಲ್ಲಿ ಸಿಕ್ಕಿಬಿದ್ದರೆ ಕೇಸಾಗೋದು ಕಾಗದ ಕೊಟ್ಟವನ ಮೇಲೆ. ಸೀಲು ಹಾಕಿಸಿದ ಏಜೆಂಟ್ ಇಲ್ಲೇ ಇರುತ್ತಾನೆ, ಜೈಲು ನೋಡೋದು ನಮ್ಮ ಹುಡುಗ. ಡಿಗ್ರಿ ಅಸಲಿಯಾಗಿದ್ದು ಸೀಲು ಮಾತ್ರ ನಕಲಿಯಾದರೂ ಇದೇ ಗತಿ.

ಇನ್ನು ಅಪೊಸ್ಟಿಲ್‌ನಿಂದ ಆಗದೇ ಇರೋದು ಏನು ಅನ್ನೋದೂ ಗೊತ್ತಿರಲಿ. ಅದು ಸಹಿಯ ಖಾತ್ರಿ, ನಿಮ್ಮ ಓದಿಗೆ ಆ ದೇಶ ಕೊಡುವ ಮಾನ್ಯತೆ ಅಲ್ಲ. ನರ್ಸ್‌ಗಳಿಗೆ ಇದು ಚೆನ್ನಾಗಿ ಗೊತ್ತು. ದುಬೈ, ಸೌದಿಯ ಆರೋಗ್ಯ ಇಲಾಖೆಗಳು ಲೈಸೆನ್ಸ್ ಕೊಡುವಾಗ ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಕಾಲೇಜಿಗೆ, ಕೌನ್ಸಿಲಿಗೆ, ಹಳೆಯ ಆಸ್ಪತ್ರೆಗೆ ನೇರವಾಗಿ ಪತ್ರ ಬರೆದು ಕೇಳುತ್ತವೆ. ಚೀಟಿ ಇದೆ ಅಂತ ಅದನ್ನು ಬಿಟ್ಟುಕೊಡೋದಿಲ್ಲ, ಅದು ಬೇರೆ ಕೆಲಸ, ಅದರ ಶುಲ್ಕವೂ ಬೇರೆ. ಹಳೆಯ ಕಂಪನಿಯ ಎಕ್ಸ್‌ಪೀರಿಯನ್ಸ್ ಲೆಟರ್ ಕೂಡ ಶಿಕ್ಷಣ ಇಲಾಖೆಗೆ ಸಂಬಂಧಪಟ್ಟಿದ್ದಲ್ಲ. ಖಾಸಗಿ ಕಂಪನಿಯ ಸಹಿ ಸರ್ಕಾರದ ಯಾವ ಕಚೇರಿಗೂ ಗೊತ್ತಿರೋದಿಲ್ಲ, ಹಾಗಾಗಿ ಕಂಪನಿ ಬಿಡಿಸಿ ಕೇಳದ ಹೊರತು ಅದಕ್ಕೆ ದುಡ್ಡು ಹಾಕಬೇಡಿ.

ಆನ್‌ಲೈನ್‌ನಲ್ಲಿ ಆಗಲ್ವಾ ಅಂತ ಕೇಳುವವರಿಗೆ: esanad.nic.in ಎಂಬ ಸರ್ಕಾರದ ತಾಣ ಇದೆ. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಅಲ್ಲಿ ಸೇರಿದ್ದರೆ ಅರ್ಜಿ ಮನೆಯಿಂದಲೇ ಹಾಕಬಹುದು. ಮೊದಲು ಅಲ್ಲಿ ನಿಮ್ಮ ಬೋರ್ಡ್ ಅಥವಾ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಇದ್ದರೆ ಎಷ್ಟೋ ಓಡಾಟ ಉಳಿಯುತ್ತದೆ, ಇಲ್ಲದಿದ್ದರೆ ಮೇಲಿನ ದಾರಿಯೇ.

ಕೊನೆಗೆ, ಒರಿಜಿನಲ್ ಡಿಗ್ರಿಯನ್ನು ಬೇರೆಯವರ ಕೈಗೆ ಕೊಡುವ ಗಳಿಗೆ. ಕೊಡುವ ಮುಂಚೆ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ, ಬಳ್ಳಾರಿಯ ರಾಯಲ್ ಸರ್ಕಲ್ ಕಡೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ, ಸ್ಕ್ಯಾನ್ ಪ್ರತಿಯನ್ನು ನಿಮ್ಮ ಮೇಲ್‌ಗೇ ಕಳಿಸಿಕೊಳ್ಳಿ. ಏಜೆಂಟಿನಿಂದ ರಸೀದಿ ಬರೆಸಿಕೊಳ್ಳಿ. ಅದರಲ್ಲಿ ಡಿಗ್ರಿಯ ರಿಜಿಸ್ಟರ್ ನಂಬರ್, ಯಾವ ದೇಶಕ್ಕೆ, ಎಚ್‌ಆರ್‌ಡಿ ದಾರಿಯೋ ಎಸ್‌ಡಿಎಂ ದಾರಿಯೋ, ಒಟ್ಟು ಎಷ್ಟು ದುಡ್ಡು, ಯಾವಾಗ ವಾಪಸ್ ಅಂತ ಇರಲಿ. ಪಾಸ್‌ಪೋರ್ಟ್ ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ. ಯಾವುದಾದರೂ ಹಂತದಲ್ಲಿ ಒರಿಜಿನಲ್ಲೇ ಬೇಕು ಅಂದರೆ ಯಾವ ಕಚೇರಿ ಕೇಳುತ್ತಿದೆ ಎಂದು ಬರೆಸಿಕೊಂಡು ಆಮೇಲೆ ಕೊಡಿ. ಡಿಗ್ರಿ ವಾಪಸ್ ಬಂದಾಗ ಹಿಂಬದಿ ತಿರುಗಿಸಿ, ರಸೀದಿಯಲ್ಲಿ ಬರೆದ ದಾರಿಯ ಸೀಲುಗಳೇ ಅಲ್ಲಿವೆಯಾ ನೋಡಿ, ಬಾಕಿ ದುಡ್ಡು ಅದಾದ ಮೇಲೆ ಕೊಡಿ.